ಲೆಕ್ಕ ತಾಳೆಯಾಗಿತ್ತು, ಬಣ್ಣ ತಪ್ಪಿತ್ತು: ಚಂದಾ ಆದಾಯದ ಒಂದು ಬ್ರಿಡ್ಜ್‌ನ ಪ್ರಕರಣ ಅಧ್ಯಯನ

ಸಂಸ್ಥೆಗಳಿಗೆ ಸಾಫ್ಟ್‌ವೇರ್ ಅನ್ನು ಚಂದಾ ಲೆಕ್ಕದಲ್ಲಿ ಕೊಡುವ ಒಂದು ಚಿಕ್ಕ ಕಂಪನಿ. ಗ್ರಾಹಕರು ನಾನೂರರ ಆಸುಪಾಸು. ಕೆಲವರು ತಿಂಗಳಿಗೊಮ್ಮೆ ಕಟ್ಟುತ್ತಾರೆ, ಉಳಿದವರು ವರ್ಷಕ್ಕೊಮ್ಮೆ. ಅಲ್ಲಿ ಆದಾಯದ ವರದಿ ಸಿದ್ಧಪಡಿಸುವ ಕೆಲಸ ನನ್ನದಾಗಿತ್ತು. ಕಂಪನಿಯ ಗುರುತು ಸಿಗದಿರಲೆಂದು ಎಲ್ಲ ಮೊತ್ತಗಳನ್ನೂ ಒಂದೇ ಗುಣಕದಿಂದ ಬದಲಿಸಿದ್ದೇನೆ. ನಾನು ಹೇಳಹೊರಟ ತಿಂಗಳಿನ ಆರಂಭದ ಮಾಸಿಕ ಚಂದಾ ಆದಾಯ, ಅಂದರೆ ಎಂಆರ್‌ಆರ್, 1,000 ಎಂದಿಟ್ಟುಕೊಳ್ಳಿ. ಮಿಕ್ಕ ಅಂಕಿಗಳೆಲ್ಲ ಅದೇ ಅಳತೆಯವು.

ಪ್ರತಿ ತಿಂಗಳ 4ನೇ ತಾರೀಕಿಗೆ ಆದಾಯದ ಬ್ರಿಡ್ಜ್, ಅಂದರೆ ಆದಾಯ ಎಷ್ಟರಿಂದ ಎಷ್ಟಕ್ಕೆ, ಯಾವ ಕಾರಣಕ್ಕೆ ಬದಲಾಯಿತೆಂದು ತೋರಿಸುವ ಕಂಬಗಳ ಚಿತ್ರ, ಹೊರಡಬೇಕಿತ್ತು. ಎಡತುದಿಯಲ್ಲಿ ತಿಂಗಳ ಆರಂಭದ ಎಂಆರ್‌ಆರ್, ಬಲತುದಿಯಲ್ಲಿ ಕೊನೆಯದು, ನಡುವೆ ನಾಲ್ಕು ಕಂಬಗಳು. ಹೊಸ ಗ್ರಾಹಕರಿಂದ ಬಂದದ್ದು 'ಹೊಸತು', ಇದ್ದ ಗ್ರಾಹಕರು ಹೆಚ್ಚಿಗೆ ಕೊಂಡದ್ದು 'ಹೆಚ್ಚಳ', ಇದ್ದವರು ಕಡಿಮೆ ಮಾಡಿಕೊಂಡದ್ದು 'ಇಳಿಕೆ', ಪೂರ್ತಿ ಬಿಟ್ಟುಹೋದವರದ್ದು 'ಚರ್ನ್'. ವಾರ್ಷಿಕ ಒಪ್ಪಂದಗಳ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಸೇರಿಸುತ್ತಿದ್ದೆವು. ಒಂದೇ ಸಲ ಪಡೆಯುವ ಅಳವಡಿಕೆ ಶುಲ್ಕ, ತರಬೇತಿ ಶುಲ್ಕ ಇದರಲ್ಲಿ ಬರುತ್ತಿರಲಿಲ್ಲ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಆ ತಿಂಗಳ ಬ್ರಿಡ್ಜ್ ಹೀಗಿತ್ತು: ಆರಂಭ 1,000. ಹೊಸತು 96, ಹೆಚ್ಚಳ 11, ಇಳಿಕೆ 5, ಚರ್ನ್ 72. ಕೊನೆ 1,030. ಕೂಡಿ ಕಳೆದರೆ ಒಂದು ಅಂಕಿಯೂ ಆಚೀಚೆ ಇಲ್ಲ.

ಅದನ್ನು ನೋಡಿದ ಯಾರಿಗೇ ಆದರೂ ಮೊದಲು ಕಾಣುವುದು ಚರ್ನ್ ಕಂಬ. ತಿಂಗಳಿಗೆ 7.2 ಶೇಕಡಾ ಆದಾಯ ಸೋರಿಹೋಗುತ್ತಿದೆ ಅಂದರೆ ಮೇಲಿನಿಂದ ಎಷ್ಟು ಸುರಿದರೂ ಕೊಡ ತುಂಬುವುದಿಲ್ಲ. ಹಿಂದಿನ ತಿಂಗಳುಗಳೂ ಹೆಚ್ಚುಕಡಿಮೆ ಹೀಗೇ ಇದ್ದವು. ಸಂಸ್ಥಾಪಕರು ಆ ಸಭೆಯಲ್ಲಿ ಎರಡು ತೀರ್ಮಾನಗಳನ್ನು ಮುಂದಿಟ್ಟರು. ಒಂದು, ಬಿಟ್ಟುಹೋದವರ ಪಟ್ಟಿ ಹಿಡಿದು ಎಲ್ಲರಿಗೂ ಫೋನ್ ಮಾಡಿ, ಮರಳಿ ಬಂದರೆ 15 ಶೇಕಡಾ ರಿಯಾಯಿತಿ ಕೊಡುವುದು. ಎರಡು, ಗ್ರಾಹಕರನ್ನು ಉಳಿಸಿಕೊಳ್ಳುವುದಕ್ಕೆಂದೇ ಮೂವರ ತಂಡ ಕಟ್ಟುವುದು. ಮಾರಾಟ ವಿಭಾಗದ ಮುಖ್ಯಸ್ಥರು ಮಾತ್ರ ನೆಮ್ಮದಿಯಿಂದ ಕೂತಿದ್ದರು. 'ಹೊಸತು' ಕಂಬ 96 ಇತ್ತಲ್ಲ, ಅವರ ತಂಡದ ಪ್ರೋತ್ಸಾಹಧನ ಆ ಕಂಬದ ಮೇಲೇ ನಿಂತಿತ್ತು.

ಚರ್ನ್ ಪಟ್ಟಿಯಲ್ಲಿ 27 ಹೆಸರುಗಳಿದ್ದವು. ಗ್ರಾಹಕ ಸಹಾಯ ವಿಭಾಗದ ಹುಡುಗಿಯೊಬ್ಬಳು ಫೋನ್ ಮಾಡಲು ಕೂತಳು. ಮೂರನೇ ಕರೆ ಮುಗಿಸಿ ನೇರ ನನ್ನ ಮೇಜಿಗೆ ಬಂದಳು.

"ಸರ್, ಇವರು ನಮ್ಮನ್ನು ಬಿಟ್ಟೇ ಇಲ್ಲವಂತೆ. ಹೋದ ತಿಂಗಳು ದೊಡ್ಡ ಪ್ಲಾನ್‌ಗೆ ಹೋದೆವು, ಇನ್ನೂ ಹತ್ತು ಲೈಸೆನ್ಸ್ ಬೇಕು ಅಂತ ಮೊನ್ನೆಯಷ್ಟೇ ಕೇಳಿದ್ದೆವು, ನೀವು ನೋಡಿದರೆ ಯಾಕೆ ಬಿಟ್ಟಿರಿ ಅಂತ ಕೇಳುತ್ತಿದ್ದೀರಲ್ಲ ಅಂತ ನಕ್ಕರು."

ಒಂದು ತಪ್ಪು ಸಾಲು ನುಸುಳಿರಬೇಕು ಎಂದುಕೊಂಡೆ. ಸಂಜೆಯ ಹೊತ್ತಿಗೆ ಅಂಥವರು ಆರು ಮಂದಿಯಾಗಿದ್ದರು. ಅವರಲ್ಲಿ ಒಬ್ಬರು ರಿಯಾಯಿತಿಯ ಮಾತು ಕೇಳಿ, "ಬಿಟ್ಟುಹೋದವರಿಗೆ ಕೊಡುತ್ತೀರಿ, ಇರುವವರಿಗೆ ಇಲ್ಲವೇ?" ಎಂದು ಪಟ್ಟು ಹಿಡಿದರಂತೆ. ಕರೆಗಳನ್ನು ಅಲ್ಲಿಗೇ ನಿಲ್ಲಿಸಿದೆವು. ಈ ಪ್ರಕರಣದ ಮೊದಲ ತಿರುವು ಅದೇ. ಅಂಕಿಗಳು ತಾವಾಗಿ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ, ಹೆಸರಿಗೆ ದನಿ ಸಿಕ್ಕ ಮೇಲೆ ಗುಟ್ಟು ಹೊರಬಿತ್ತು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಬಿಲ್ಲಿಂಗ್ ವ್ಯವಸ್ಥೆಯಲ್ಲಿ ಗ್ರಾಹಕ ಪ್ಲಾನ್ ಬದಲಿಸಿದರೆ ಹಳೆಯ ಚಂದಾ ಮುಗಿದು, ಹೊಸ ಸಂಖ್ಯೆಯ ಇನ್ನೊಂದು ಚಂದಾ ಹುಟ್ಟುತ್ತಿತ್ತು. ಅದೇ ಪ್ಲಾನ್‌ನೊಳಗೆ ಲೈಸೆನ್ಸ್ ಹೆಚ್ಚು ಕಡಿಮೆ ಮಾಡಿಕೊಂಡರೆ ಮಾತ್ರ ಸಂಖ್ಯೆ ಹಾಗೇ ಉಳಿಯುತ್ತಿತ್ತು. ನನ್ನ ಬ್ರಿಡ್ಜ್ ಲೆಕ್ಕ ಹಾಕುತ್ತಿದ್ದದ್ದು ಈ ಚಂದಾ ಸಂಖ್ಯೆಯ, ಅಂದರೆ subscription_id ಮೇಲೆ. ಹೀಗಾಗಿ 4ರ ಪ್ಲಾನ್ ಬಿಟ್ಟು 6ರ ಪ್ಲಾನ್‌ಗೆ ಏರಿದವನು ನಿಜಕ್ಕೂ 2ರ ಹೆಚ್ಚಳ. ನನ್ನ ಪಟ್ಟಿಯಲ್ಲಿ ಅವನು 4ರ ಚರ್ನ್, ಜೊತೆಗೆ 6ರ ಹೊಸತು. ಎರಡೂ ಲೆಕ್ಕದ ನಿವ್ವಳ 2. ಹಾಗಾಗಿಯೇ ಕೊನೆಯ ಮೊತ್ತ ಎಂದೂ ತಪ್ಪಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ಎರಡು ವರ್ಷ ಮೋಸಹೋದದ್ದು ಇಲ್ಲೇ. ವರದಿ ಕಳಿಸುವ ಮುನ್ನ ನಾನು ಮಾಡುತ್ತಿದ್ದ ಒಂದೇ ಪರೀಕ್ಷೆಯೆಂದರೆ ಆರಂಭಕ್ಕೆ ನಾಲ್ಕು ಕಂಬಗಳನ್ನು ಕೂಡಿ ಕಳೆದರೆ ಕೊನೆಯ ಮೊತ್ತ ಬರುತ್ತದೆಯೇ ಎಂಬುದು. ಆ ಪರೀಕ್ಷೆ ಸಾಲು ಬಿಟ್ಟುಹೋಗಿದ್ದರೆ ಹಿಡಿಯುತ್ತದೆ, ಒಂದೇ ಸಾಲು ಎರಡು ಸಲ ಬಂದಿದ್ದರೆ ಹಿಡಿಯುತ್ತದೆ. ಸಾಲು ತಪ್ಪು ಕಂಬಕ್ಕೆ ಬಿದ್ದಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಯಾವ ಬದಲಾವಣೆಗೆ ಯಾವ ಬಣ್ಣ ಬಳಿದರೂ ಒಟ್ಟು ಅದೇ. ಗ್ರಾಹಕರನ್ನೆಲ್ಲ ಕಣ್ಣುಮುಚ್ಚಿ ನಾಲ್ಕು ಡಬ್ಬಗಳಿಗೆ ಹಂಚಿದ್ದರೂ ನನ್ನ ಬ್ರಿಡ್ಜ್ ತಾಳೆಯಾಗುತ್ತಿತ್ತು. ತಪ್ಪಿನ ಸುಳಿವು ಇದ್ದದ್ದು ಬೇರೆ ಕಡೆ. ಹೊಸತು ಮತ್ತು ಚರ್ನ್ ಕಂಬಗಳು ತಿಂಗಳಿಂದ ತಿಂಗಳಿಗೆ ಅಕ್ಕಪಕ್ಕದ ಜೋಕಾಲಿಯಂತೆ ಒಟ್ಟಿಗೇ ಏರುತ್ತಿದ್ದವು, ಒಟ್ಟಿಗೇ ಇಳಿಯುತ್ತಿದ್ದವು. ಹೆಚ್ಚಳ ಮತ್ತು ಇಳಿಕೆ ಮಾತ್ರ ಸದಾ ಕುಳ್ಳಗೆ ಬಿದ್ದಿರುತ್ತಿದ್ದವು. ಹೊಸ ಗ್ರಾಹಕರು ಹೆಚ್ಚು ಬಂದ ತಿಂಗಳಲ್ಲೇ ಹಳಬರು ಹೆಚ್ಚು ಬಿಡುವುದಕ್ಕೆ ಕಾರಣವೇನಿದೆ? ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸರಿಪಡಿಸುವುದಕ್ಕೆ ನಾನು ಹಿಡಿದ ಮೊದಲ ಎರಡು ದಾರಿಗಳು ಕೈಕೊಟ್ಟವು. ಅವನ್ನೂ ಹೇಳಿಬಿಡುತ್ತೇನೆ.

ಮೊದಲನೆಯದು ಸ್ಪ್ರೆಡ್‌ಶೀಟಿನಲ್ಲಿ ಜೋಡಿ ಹುಡುಕುವುದು. ಒಂದೇ ತಿಂಗಳಲ್ಲಿ ಒಂದು ಮೊತ್ತ ಹೋಗಿ ಅದೇ ಮೊತ್ತ ಬಂದಿದ್ದರೆ ಅದು ಪ್ಲಾನ್ ಬದಲಾವಣೆ ಎಂದು ಎರಡನ್ನೂ ಅಳಿಸುವುದು. ಪ್ಲಾನ್ ಬದಲಿಸುವವರು ಅದೇ ಮೊತ್ತಕ್ಕೆ ಬದಲಿಸುವುದು ಅಪರೂಪ ಎಂಬುದು ಹೊಳೆಯಲು ಅರ್ಧ ದಿನ ಬೇಕಾಯಿತು.

ಎರಡನೆಯದು ಇಮೇಲ್ ವಿಳಾಸದಿಂದ ಗ್ರಾಹಕರನ್ನು ಗುರುತಿಸುವುದು. ಇದು ಚೆನ್ನಾಗಿ ಓಡುತ್ತಿರುವಂತೆ ಕಂಡಿತು, ಚರ್ನ್ ಬುಡಕ್ಕೆ ಇಳಿಯಿತು. ತೀರಾ ಬುಡಕ್ಕೆ ಇಳಿದಾಗ ಅನುಮಾನ ಬಂತು. ನೋಡಿದರೆ, ಒಬ್ಬ ಸಲಹೆಗಾರರು ಆರು ಬೇರೆ ಬೇರೆ ಸಂಸ್ಥೆಗಳಿಗೆ ನಮ್ಮ ಸಾಫ್ಟ್‌ವೇರ್ ಕೊಡಿಸಿ, ಆರಕ್ಕೂ ತಮ್ಮದೇ ಇಮೇಲ್ ಬರೆಸಿದ್ದರು. ಆರು ಗ್ರಾಹಕರು ಒಬ್ಬರಾಗಿದ್ದರು. ಅದರಲ್ಲಿ ಒಂದು ಸಂಸ್ಥೆ ನಿಜವಾಗಿಯೂ ಬಿಟ್ಟುಹೋಗಿತ್ತು, ಆದರೆ ಉಳಿದ ಐದರ ಜೊತೆ ಬೆರೆತು ಬರೀ 'ಇಳಿಕೆ' ಎಂದು ಕಾಣುತ್ತಿತ್ತು. ಮೊದಲು ಒಬ್ಬನನ್ನು ಇಬ್ಬರು ಮಾಡಿದ್ದೆ, ಈಗ ಆರು ಮಂದಿಯನ್ನು ಒಬ್ಬನನ್ನಾಗಿ ಮಾಡಿದ್ದೆ.

ಅಲ್ಲಿಗೆ ಅರ್ಥವಾಯಿತು, ಇದು ಲೆಕ್ಕದ ಪ್ರಶ್ನೆಯಲ್ಲ, ಗ್ರಾಹಕ ಎಂದರೆ ಯಾರು ಎಂಬ ಪ್ರಶ್ನೆ. ಹಣಕಾಸು ವಿಭಾಗದ ಮೇಡಂ ಜೊತೆ ಕೂತು ಒಂದು ಸಾಲಿನ ವ್ಯಾಖ್ಯೆ ಬರೆದೆವು. ಒಪ್ಪಂದಕ್ಕೆ ಸಹಿ ಹಾಕಿ, ಬಿಲ್ಲು ಯಾರ ಹೆಸರಿಗೆ ಹೋಗುತ್ತದೋ ಆ ಸಂಸ್ಥೆ ಗ್ರಾಹಕ. ಅದರ ಶಾಖೆಗಳು ಬೇರೆ ಒಪ್ಪಂದ ಮಾಡಿಕೊಂಡಿದ್ದರೆ ಬೇರೆ ಗ್ರಾಹಕರು, ಇಲ್ಲವಾದರೆ ಒಬ್ಬರೇ. ಇನ್ನೂ ಬೇರೆ ರೀತಿಯಲ್ಲಿ ವ್ಯಾಖ್ಯಾನಿಸಬಹುದಿತ್ತು, ನಾವು ಇದನ್ನು ಆರಿಸಿದೆವು. ಆಮೇಲೆ ಪ್ರತಿ ಚಂದಾಗೂ ಒಂದು customer_id ಕೊಡುವ ಪಟ್ಟಿ ಮಾಡಬೇಕಾಯಿತು. ಹನ್ನೆರಡು ತಿಂಗಳ ಎಲ್ಲ ಸಾಲುಗಳನ್ನೂ ಕೈಯಿಂದ ನೋಡಲಿಲ್ಲ. ಒಂದು ಚಂದಾ ಮುಗಿದ 60 ದಿನಗಳೊಳಗೆ ಅದೇ ಹೆಸರಿಗೋ ಅದೇ ಇಮೇಲ್‌ಗೋ ಇನ್ನೊಂದು ಶುರುವಾಗಿದ್ದರೆ ಅಂಥದ್ದನ್ನಷ್ಟೇ ಹೆಕ್ಕಿ, ಒಪ್ಪಂದದ ಕಾಗದ ತೆಗೆದು ನೋಡಿದೆವು. ಇಬ್ಬರಿಗೆ ಮೂರು ದಿನದ ಕೆಲಸ.

ಪಟ್ಟಿ ಸಿದ್ಧವಾದ ಮೇಲೆ ಲೆಕ್ಕ ಸಲೀಸು. ಎರಡು ದಿನಾಂಕಗಳಲ್ಲಿ ಪ್ರತಿ ಗ್ರಾಹಕನ ಒಟ್ಟು ಎಂಆರ್‌ಆರ್ ತೆಗೆದು ಪಕ್ಕಪಕ್ಕ ಇಡುವುದು, ಅಷ್ಟೆ.

```sql
SELECT COALESCE(a.customer_id, b.customer_id) AS customer_id,
       COALESCE(a.mrr, 0) AS open_mrr,
       COALESCE(b.mrr, 0) AS close_mrr
FROM month_start a
FULL OUTER JOIN month_end b
  ON a.customer_id = b.customer_id;
```

ಆರಂಭದಲ್ಲಿ ಸೊನ್ನೆ ಇದ್ದು ಕೊನೆಯಲ್ಲಿ ಮೊತ್ತವಿದ್ದರೆ ಹೊಸತು, ತಿರುಗಾಮುರುಗಾ ಇದ್ದರೆ ಚರ್ನ್. ಎರಡೂ ಕಡೆ ಮೊತ್ತವಿದ್ದು ಏರಿದ್ದರೆ ಹೆಚ್ಚಳ, ಇಳಿದಿದ್ದರೆ ಇಳಿಕೆ. month_start, month_end ಎರಡರಲ್ಲೂ ಒಬ್ಬ ಗ್ರಾಹಕನಿಗೆ ಒಂದೇ ಸಾಲು ಇರಬೇಕು, ಅಂದರೆ ಆತನ ಚಂದಾಗಳನ್ನು ಮೊದಲೇ ಕೂಡಿರಬೇಕು. ಇಲ್ಲಿ ಮರೆತರೆ ಜೋಡಣೆಯಲ್ಲಿ ಸಾಲುಗಳು ಮರಿ ಹಾಕುತ್ತವೆ.

ಈಗ ಅದೇ ತಿಂಗಳಿಗೆ ಮರಳೋಣ. 27 ಚರ್ನ್ ಹೆಸರುಗಳಲ್ಲಿ 14 ಮಂದಿ ಪ್ಲಾನ್ ಬದಲಿಸಿದವರು. ಅವರ ಹಳೆಯ ಚಂದಾಗಳು ಒಟ್ಟು 38, ಹೊಸವು 45. ಆ 14ರಲ್ಲಿ 11 ಮಂದಿ ಮೇಲೇರಿದ್ದರು, 26 ಇದ್ದದ್ದು 36 ಆಗಿತ್ತು. ಮೂವರು ಕೆಳಗಿಳಿದಿದ್ದರು, 12 ಇದ್ದದ್ದು 9. ಚರ್ನ್‌ನಿಂದ 38, ಹೊಸತರಿಂದ 45 ತೆಗೆದು, ಹೆಚ್ಚಳಕ್ಕೆ 10, ಇಳಿಕೆಗೆ 3 ಸೇರಿಸಿದೆವು. ಬ್ರಿಡ್ಜ್ ಹೀಗಾಯಿತು: ಹೊಸತು 51, ಹೆಚ್ಚಳ 21, ಇಳಿಕೆ 8, ಚರ್ನ್ 34. ಕೊನೆ ಅದೇ 1,030. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ತುದಿಗಳು ಒಂದೇ, ನಡುವಿನ ಕಥೆ ಬೇರೆ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಸಹಾಯ ವಿಭಾಗದ ಹುಡುಗಿಯ ಪಟ್ಟಿಯಲ್ಲಿ ಇನ್ನೂ ಐದು ವಿಚಿತ್ರ ಹೆಸರುಗಳಿದ್ದವು. ಅವರು ಪ್ಲಾನ್ ಬದಲಿಸಿರಲಿಲ್ಲ. ವಾರ್ಷಿಕ ಒಪ್ಪಂದ ತಿಂಗಳ ಕೊನೆಯ ವಾರದಲ್ಲಿ ಮುಗಿದಿತ್ತು, ಅವರ ಕಚೇರಿಯೊಳಗೆ ಸಹಿ ತಡವಾಗಿ, ಮುಂದಿನ ತಿಂಗಳ ಮೊದಲ ವಾರದಲ್ಲಿ ನವೀಕರಿಸಿದ್ದರು. ಅವರ ಎಂಆರ್‌ಆರ್ ಒಟ್ಟು 13. ನಮ್ಮ ಬ್ರಿಡ್ಜ್‌ನಲ್ಲಿ ಈ ತಿಂಗಳು ಚರ್ನ್, ಬರುವ ತಿಂಗಳು ಹೊಸತು. ಹಾಗೆಯೇ ಹಿಂದಿನ ತಿಂಗಳ ಕೊನೆಗೆ ಅವಧಿ ಮುಗಿದ ಐದು ಮಂದಿ 11ರಷ್ಟಿದ್ದರು. ಅವರಲ್ಲಿ ನಾಲ್ವರು 9ರೊಂದಿಗೆ ಈ ತಿಂಗಳು ಮರಳಿ, 'ಹೊಸತು' ಕಂಬದಲ್ಲಿ ಕೂತಿದ್ದರು. ಒಬ್ಬರು, 2ರವರು, ಬರಲೇ ಇಲ್ಲ.

ಪ್ಲಾನ್ ಬದಲಾವಣೆಯ ವಿಷಯದಲ್ಲಿ ಯಾರೂ ಜಗಳ ಆಡಲಿಲ್ಲ. ಇಲ್ಲಿ ಮಾತ್ರ ಎರಡು ಸಭೆ ಬೇಕಾದವು, ಏಕೆಂದರೆ ಇದು ಬಣ್ಣ ಬದಲಿಸುವ ಮಾತಷ್ಟೇ ಅಲ್ಲ, ಆರಂಭ ಮತ್ತು ಕೊನೆಯ ಮೊತ್ತಗಳೇ ಬದಲಾಗುತ್ತವೆ. ನಾನು 30 ದಿನಗಳ ಕಾಯುವ ಅವಧಿ ಇಡೋಣ ಎಂದೆ. ಬಿಡುತ್ತೇನೆಂದು ತಿಳಿಸಿದವನನ್ನು ಕೂಡಲೇ ಚರ್ನ್ ಎನ್ನೋಣ, ಅವಧಿ ಮುಗಿದು ಸುಮ್ಮನಿರುವವನನ್ನು 30 ದಿನ ಎಂಆರ್‌ಆರ್‌ನಲ್ಲೇ ಉಳಿಸಿಕೊಳ್ಳೋಣ.

ಹಣಕಾಸು ಮೇಡಂ ಒಪ್ಪಲಿಲ್ಲ. "ತಿಂಗಳ ಕೊನೆಯ ದಿನ ಒಪ್ಪಂದವೇ ಇಲ್ಲದವರ ಮೊತ್ತವನ್ನು ಚಂದಾ ಆದಾಯ ಅಂತ ಹೇಗೆ ತೋರಿಸುತ್ತೀರಿ? ಬಂದರೆ ಬಂತು. ಬರದಿದ್ದರೆ ಹೋದ ತಿಂಗಳ ಅಂಕಿ ಉಬ್ಬಿಸಿದ ಹಾಗಾಯಿತಲ್ಲ."

ಅವರ ಮಾತಿನಲ್ಲಿ ಹುರುಳಿತ್ತು. ಎಂಆರ್‌ಆರ್ ಲೆಕ್ಕಪತ್ರದ ಆದಾಯವಲ್ಲ, ಅದು ನಿರ್ವಹಣೆಗೆಂದು ಕಂಪನಿಯೇ ವ್ಯಾಖ್ಯಾನಿಸಿಕೊಳ್ಳುವ ಅಳತೆ. ಹಾಗೆಂದು ಅದಕ್ಕೆ ಕಡಿವಾಣ ಬೇಡವೆಂದಲ್ಲ, ಇನ್ನೂ ಹೆಚ್ಚು ಬೇಕು. ಬರದೇ ಹೋದವನ ಚರ್ನ್ ಅನ್ನು ಯಾವ ತಿಂಗಳಿಗೆ ಬರೆಯುವುದು ಎಂಬುದು ಇನ್ನೊಂದು ಗಂಟು. ಒಪ್ಪಂದ ಮುಗಿದ ತಿಂಗಳಿಗೆ ಬರೆದರೆ ನಿಜಕ್ಕೆ ಹತ್ತಿರ, ಆದರೆ ಕಳಿಸಿಯಾದ ವರದಿಯನ್ನು ಪ್ರತಿ ಸಲ ತಿದ್ದಬೇಕು. ಕಾಯುವ ಅವಧಿ ಮುಗಿದ ತಿಂಗಳಿಗೆ ಬರೆದರೆ ಹಳೆಯ ವರದಿ ಮುಟ್ಟಬೇಕಿಲ್ಲ, ಆದರೆ ಸುದ್ದಿ ಒಂದು ತಿಂಗಳು ತಡ. ತಿದ್ದಿದ ವರದಿಗಳು ಹಿಂದಿನ ಸಭೆಯ ಅಂಕಿಗಳಿಗೆ ಹೊಂದದೆ ನಂಬಿಕೆಯನ್ನೇ ಕೆಡಿಸುತ್ತವೆ ಎಂದು ಎರಡನೆಯದನ್ನು ಆರಿಸಿದೆವು. ಮೇಡಂ ಒಂದು ಷರತ್ತು ಹಾಕಿದರು. ಕೊನೆಯ ಮೊತ್ತದ ಕೆಳಗೆ, ಅದೇ ಗಾತ್ರದ ಅಕ್ಷರದಲ್ಲಿ, 'ಇದರಲ್ಲಿ ನವೀಕರಣಕ್ಕೆ ಕಾದಿರುವುದು ಇಷ್ಟು' ಎಂದು ಬರೆಯಬೇಕು. ಅಡಿಟಿಪ್ಪಣಿಯಲ್ಲಿ ಬಚ್ಚಿಡುವಂತಿಲ್ಲ.

ಈ ನಿಯಮದಂತೆ ಆರಂಭದ ಮೊತ್ತ 1,011 ಆಯಿತು, ಏಕೆಂದರೆ ಹಿಂದಿನ ತಿಂಗಳು ಕಾದಿದ್ದ 11 ಅದರೊಳಗೆ ಬಂತು. ಮರಳಿ ಬಂದ 9 ಹೊಸತಲ್ಲ, ಹಾಗಾಗಿ ಹೊಸತು 42. ಚರ್ನ್‌ನಲ್ಲಿ ಬಿಡುತ್ತೇವೆಂದು ತಿಳಿಸಿದ 8 ಮಂದಿಯ 21, ಜೊತೆಗೆ ಬಾರದೇ ಹೋದ ಆ ಒಬ್ಬರ 2, ಒಟ್ಟು 23. ಹೆಚ್ಚಳ 21, ಇಳಿಕೆ 8 ಹಾಗೇ ಉಳಿದವು. ಕೊನೆ 1,043, ಅದರಲ್ಲಿ ನವೀಕರಣಕ್ಕೆ ಕಾದಿರುವುದು 13. ಚರ್ನ್ ದರ 7.2ರಿಂದ 2.3 ಶೇಕಡಾಕ್ಕೆ ಇಳಿಯಿತು. ಒಬ್ಬ ಗ್ರಾಹಕನ ಮನಸ್ಸೂ ಬದಲಾಗಿರಲಿಲ್ಲ.

ಮಾರಾಟ ಮುಖ್ಯಸ್ಥರ ಮುಖ ಬದಲಾಯಿತು. 96 ಇದ್ದದ್ದು 42. "ಪ್ಲಾನ್ ಏರಿಸಲು ನನ್ನ ಹುಡುಗರೂ ಓಡಾಡಿದ್ದಾರೆ, ಅದು ಕೆಲಸವಲ್ಲವೇ?" ಎಂದರು. ಖಂಡಿತ ಕೆಲಸ. ಆದರೆ 4ರಿಂದ 6ಕ್ಕೆ ಏರಿಸಿದವನಿಗೆ 6ರ ಮೇಲೆ ಪ್ರೋತ್ಸಾಹಧನ ಹೋಗುತ್ತಿತ್ತು. ಅಷ್ಟೇ ಅಲ್ಲ, ಕೆಳಗಿಳಿದವರ ಹೊಸ ಚಂದಾದ ಮೇಲೂ ಹೋಗಿತ್ತು! ಆದಾಯ ಕಡಿಮೆಯಾದದ್ದಕ್ಕೆ ಬಹುಮಾನ. ಯಾರೂ ಬೇಕೆಂದು ಮಾಡಿದ್ದಲ್ಲ, ವರದಿಯಲ್ಲಿ ಹೊಸತು ಎಂದಿತ್ತು, ಕೊಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಕೊಟ್ಟದ್ದನ್ನು ವಾಪಸು ಕೇಳುವುದು ಬೇಡ, ಮುಂದಿನ ತ್ರೈಮಾಸಿಕದಿಂದ ಹೆಚ್ಚಳಕ್ಕೆ ಏರಿದ ಭಾಗದ ಮೇಲಷ್ಟೇ ಪ್ರೋತ್ಸಾಹಧನ ಎಂದು ತೀರ್ಮಾನವಾಯಿತು. ಈ ಒಂದು ತೀರ್ಮಾನಕ್ಕಾಗಿ ಬ್ರಿಡ್ಜ್ ಸರಿಪಡಿಸುವ ಕೆಲಸ ಮೂರು ವಾರ ಹಿಂದೆ ಬಿತ್ತು. ಅಂಕಿಗೆ ಹಣ ಕಟ್ಟಿಹಾಕಿದ್ದರೆ ಅಂಕಿಯ ವ್ಯಾಖ್ಯೆ ತಿದ್ದುವ ಮೊದಲು ಆ ಹಗ್ಗ ಬಿಚ್ಚಬೇಕು. ಇದನ್ನು ನಾನು ಮೊದಲೇ ಯೋಚಿಸಿ ಅವರ ಜೊತೆ ಪ್ರತ್ಯೇಕವಾಗಿ ಮಾತಾಡಬೇಕಿತ್ತು. ತುಂಬಿದ ಸಭೆಯಲ್ಲಿ ತೋರಿಸಿದ್ದು ನನ್ನ ತಪ್ಪು.

ಮೂವರ ತಂಡದ ಪ್ರಸ್ತಾಪ ಬಿದ್ದುಹೋಯಿತು, ರಿಯಾಯಿತಿಯೂ ಹೋಯಿತು. ಆದರೆ ಚರ್ನ್ ಕಡಿಮೆ ಎಂಬ ಸಂತೋಷದಲ್ಲಿ ಎಲ್ಲರೂ ಎದ್ದುಹೋಗುವುದರಲ್ಲಿದ್ದಾಗ ಸಂಸ್ಥಾಪಕರು ಇಳಿಕೆ ಕಂಬ ತೋರಿಸಿ, "ಇದು ಮೊದಲು ಇಷ್ಟು ಇರಲಿಲ್ಲ ಅಲ್ಲವೇ?" ಎಂದರು. ಇತ್ತು, ಕಾಣುತ್ತಿರಲಿಲ್ಲ. ಕೆಳಗಿನ ಪ್ಲಾನ್‌ಗೆ ಇಳಿದವರೆಲ್ಲ ಇಷ್ಟು ದಿನ ಚರ್ನ್ ಮತ್ತು ಹೊಸತರ ನಡುವೆ ಒಡೆದುಹೋಗಿದ್ದರು.

ಹಿಂದಿನ ಹನ್ನೆರಡು ತಿಂಗಳನ್ನು ಹೊಸ ನಿಯಮದಲ್ಲಿ ಮತ್ತೆ ಲೆಕ್ಕ ಹಾಕಿದೆ. ಇಳಿಕೆ ಮಾಡಿಕೊಂಡವರು 38 ಗ್ರಾಹಕರು. ಅವರಲ್ಲಿ 13 ಮಂದಿ ಇಳಿಸಿದ ಆರು ತಿಂಗಳೊಳಗೆ ಪೂರ್ತಿ ಬಿಟ್ಟಿದ್ದರು. ಅಂದರೆ ಚರ್ನ್‌ಗೆ ಮುನ್ಸೂಚನೆ ಇತ್ತು, ನಾವೇ ಅದನ್ನು ಚರ್ನ್ ಎಂದು ಕರೆದು ಕಡತ ಮುಚ್ಚುತ್ತಿದ್ದೆವು. ನಿಜವಾಗಿ ಬಿಟ್ಟುಹೋಗುವ ಮುನ್ನ ಮಾತಾಡಲು ಸಮಯವಿದ್ದದ್ದು ಆಗಲೇ.

ಇಳಿಕೆಯನ್ನೂ ಒಂದೇ ಸಮನೆ ನಂಬಬಾರದು ಎಂಬುದು ಹೆಸರುಗಳನ್ನು ನೋಡಿದಾಗ ತಿಳಿಯಿತು. ಆ ತಿಂಗಳು ಕೆಳಗಿಳಿದ ಮೂವರಲ್ಲಿ ಒಬ್ಬರು ತಿಂಗಳ ಪಾವತಿಯಿಂದ ವಾರ್ಷಿಕಕ್ಕೆ ಹೋಗಿದ್ದರು. ವಾರ್ಷಿಕಕ್ಕೆ ಕೊಡುವ ರಿಯಾಯಿತಿಯಿಂದ ಅವರ 5 ಈಗ 4 ಆಗಿತ್ತು. ಇಡೀ ವರ್ಷ ನಮ್ಮೊಂದಿಗೆ ಇರುತ್ತೇನೆಂದು ಸಹಿ ಹಾಕಿದವರನ್ನು ಅಪಾಯದ ಪಟ್ಟಿಗೆ ಸೇರಿಸುವುದೇ? ಬ್ರಿಡ್ಜ್‌ನಲ್ಲಿ ಅದು ಇಳಿಕೆಯಾಗಿಯೇ ಉಳಿಯಿತು, ಆದಾಯ ಇಳಿದದ್ದು ಸುಳ್ಳಲ್ಲವಲ್ಲ. ಆದರೆ ಕರೆ ಮಾಡಬೇಕಾದವರ ಪಟ್ಟಿಯಿಂದ ಅವರನ್ನು ತೆಗೆದೆವು. ಲೈಸೆನ್ಸ್ ಕಡಿಮೆ ಮಾಡಿದ್ದು, ಪ್ಲಾನ್ ಇಳಿಸಿದ್ದು, ಪಾವತಿ ಅವಧಿ ಬದಲಿಸಿದ್ದು ಎಂದು ಪ್ರತಿ ಇಳಿಕೆಯ ಪಕ್ಕ ಕಾರಣ ಬರೆಯುವ ಅಭ್ಯಾಸ ಅಲ್ಲಿಂದ ಶುರುವಾಯಿತು.

ಗ್ರಾಹಕನ ಮಟ್ಟದ ಲೆಕ್ಕಕ್ಕೂ ಒಂದು ಕುರುಡು ಮೂಲೆ ಇದೆ. ನಾಲ್ಕು ತಿಂಗಳ ನಂತರ ಒಬ್ಬ ಗ್ರಾಹಕರು 6ರ ಹೊಸ ಮಾಡ್ಯೂಲ್ ಕೊಂಡು, 4ರ ಹಳೆಯದನ್ನು ನಿಲ್ಲಿಸಿದರು. ಬ್ರಿಡ್ಜ್‌ನಲ್ಲಿ 2ರ ಹೆಚ್ಚಳ ಎಂದು ಹಸಿರು ಕಂಬ. ಆ ಹಳೆಯ ಮಾಡ್ಯೂಲ್ ಅನ್ನು ಅದೇ ತ್ರೈಮಾಸಿಕದಲ್ಲಿ ಇನ್ನೂ ಮೂವರು ನಿಲ್ಲಿಸಿದ್ದರು, ಎಲ್ಲರದ್ದೂ ಹೀಗೇ ನಿವ್ವಳದಲ್ಲಿ ಮುಚ್ಚಿಹೋಗಿತ್ತು. ಅದನ್ನು ಕಾಣಲು ಮಾಡ್ಯೂಲ್ ಮಟ್ಟದಲ್ಲಿ ಇನ್ನೊಂದು ಬ್ರಿಡ್ಜ್ ಬೇಕಾಯಿತು. ಮೊದಲಿನದಕ್ಕೆ ಬದಲಾಗಿ ಅಲ್ಲ, ಅದರ ಪಕ್ಕದಲ್ಲಿ.

ಈಗ 4ನೇ ತಾರೀಕು ವರದಿ ಕಳಿಸುವ ಮುನ್ನ ತಾಳೆಯ ಪರೀಕ್ಷೆ ಹಾಗೇ ಇದೆ. ಅದರ ಮೇಲೆ ಇನ್ನೊಂದು ಸೇರಿದೆ. ಪ್ರತಿ ಕಂಬದಿಂದ ಮೂರು ದೊಡ್ಡ ಹೆಸರುಗಳನ್ನು ತೆಗೆದು ಸಹಾಯ ವಿಭಾಗಕ್ಕೆ ಕಳಿಸುತ್ತೇನೆ. ಹನ್ನೆರಡು ಹೆಸರುಗಳು, ಇಪ್ಪತ್ತು ನಿಮಿಷದ ಕೆಲಸ. ಹೋದ ತಿಂಗಳು ಆ ಹುಡುಗಿ ಒಂದನ್ನು ಗುರುತು ಹಾಕಿ ವಾಪಸು ಕಳಿಸಿದ್ದಳು: "ಸರ್, ಇವರು ಹೊಸಬರಲ್ಲ. ಎರಡು ವರ್ಷದ ಹಿಂದೆ ಬಿಟ್ಟುಹೋಗಿದ್ದವರು, ನನಗೆ ದನಿ ನೆನಪಿದೆ." ಮರಳಿ ಬಂದವರಿಗೆ ಐದನೇ ಕಂಬ ಬೇಕೇ ಎಂಬ ಚರ್ಚೆ ಈಗ ನಡೆಯುತ್ತಿದೆ.